ಕಾರ್ಪೆಟ್ ಹತ್ತಿದ ಬಿಸಿಲು

“ಇಂಜಿನಿಯರ್ರೇ, ನನ್ನ ಮನೆ ಎಲ್ಲಿ?”

ಡಿಸೆಂಬರಿನ ಒಂದು ಬೆಳಿಗ್ಗೆ, ಚಾ ಕುಡಿದು ಲೋಟ ಕೆಳಗಿಡುವ ಮೊದಲೇ, ಫೋನಿನಲ್ಲಿ ಹೀಗೊಂದು ಪ್ರಶ್ನೆ ಬಂತು. ಮೂಡಬಿದ್ರಿಯ ಪೇಟೆಯಲ್ಲಿ ಒಂದು ಬಟ್ಟೆಯಂಗಡಿಯ ಮಾಳಿಗೆಯ ಮೇಲೆ ಮನೆಗಳ ನಕ್ಷೆ ಬರೆದುಕೊಂಡು ಬದುಕುತ್ತಿದ್ದವನು ನಾನು. ಇಂಜಿನಿಯರ್ ಅಲ್ಲ, ಡ್ರಾಫ್ಟ್ಸ್‌ಮನ್. ಆದರೆ ನಮ್ಮ ಕಡೆ ಕೈಯಲ್ಲಿ ಟೇಪು ಹಿಡಿದವನೆಲ್ಲ ಇಂಜಿನಿಯರನೇ. ಜನರ ಈ ಔದಾರ್ಯವನ್ನು ತಿದ್ದುವುದು ನನ್ನ ಕೆಲಸವಲ್ಲ ಎಂದು ತೊಂಬತ್ತರ ದಶಕದಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಜಾಗ ಎಲ್ಲಿ, ಪಾಯ ಎಲ್ಲಿ, ಬಾವಿ ಎಲ್ಲಿ ಎಂದು ಕೇಳಿದವರಿದ್ದಾರೆ. ಮನೆಯೇ ಎಲ್ಲಿ ಎಂದು ಯಜಮಾನನೇ ಕೇಳಿದ್ದು ಅದೇ ಮೊದಲು.

“ಯಾವ ಮನೆ ಸಾಹೇಬ್ರೇ?”

“ನನ್ನ ಮನೆ. ನಾನು ಅದರ ಎದುರೇ ನಿಂತಿದ್ದೇನೆ. ಇಲ್ಲಿ ಮನೆ ಇಲ್ಲ.”

ಮಾತು ಅಲ್ಲಿಗೆ ಕಡಿಯಿತು. ಯಾವ ಮನೆಯೆಂದು ಆಗ ಹೊಳೆದು, ನಾನು ಬಸ್ಸು ಹತ್ತಿದೆ.

ಆ ಮನೆಯ ಹಿಂದಿನ ಕಥೆ ಹೇಳಬೇಕು. ಮಡಂತ್ಯಾರಿನಿಂದ ಸ್ವಲ್ಪ ಒಳಗೆ, ಪಡುವಣಕ್ಕೆ ಬಯಲು ಗದ್ದೆ ಇರುವ ಒಂದು ಜಾಗ. ಯಜಮಾನರು ಹೆಂಡತಿ, ಮಗಳ ಜೊತೆ ಗಲ್ಫಿನಲ್ಲಿದ್ದರು. ಊರಲ್ಲಿ ನಿಂತು ಮನೆ ಕಟ್ಟಿಸುತ್ತಿದ್ದುದು ಅವರ ತಂಗಿಯ ಗಂಡ, ಮಡಂತ್ಯಾರಿನಲ್ಲಿ ದಿನಸಿ ಅಂಗಡಿ ಇಟ್ಟವರು. ಯಜಮಾನರು ಅವರನ್ನು ‘ಭಾವ’ ಎನ್ನುತ್ತಿದ್ದರಾದ್ದರಿಂದ ಮೇಸ್ತ್ರಿಯೂ ಕೂಲಿಯವರೂ ಕೊನೆಗೆ ನಾನೂ ಅವರನ್ನು ಭಾವ ಎಂದೇ ಕರೆಯುತ್ತಿದ್ದೆವು. ಭಾವ ಬಹಳ ಸಜ್ಜನ. ಅವರಲ್ಲಿದ್ದ ಒಂದೇ ವಿಶೇಷವೆಂದರೆ ಯಾರು ಏನು ಕೇಳಿದರೂ “ನಡೀತಾ ಉಂಟು” ಎನ್ನುವುದು. ಮಳೆಗಾಲವಿಡೀ ಕೆಲಸ ನಿಂತಾಗಲೂ ಅದು ನಡೀತಾ ಇತ್ತು.

ಗಲ್ಫಿನಿಂದ ಪ್ರತಿ ವಾರ ಫೋನು: ಮನೆ ಎಲ್ಲಿಯವರೆಗೆ ಬಂತು? ನಡೀತಾ ಉಂಟು ಎಂಬ ಒಂದೇ ಉತ್ತರದಲ್ಲಿ ಹೆಚ್ಚು ದಿನ ಕಳೆಯುವುದು ಕಷ್ಟವೆಂದು ಭಾವನಿಗೂ ತೋರಿರಬೇಕು. ಒಂದು ಮೇ ತಿಂಗಳಲ್ಲಿ ಅವರು ನನ್ನ ಮಾಳಿಗೆ ಹತ್ತಿ ಬಂದರು.

“ನಿಮ್ಮ ಕಂಪ್ಯೂಟರಿನಲ್ಲಿ ಮನೆಯ ಒಳಗಿನ ಚಿತ್ರ ಬರ್ತದಂತೆ ಅಲ್ವಾ? ನಮ್ಮ ಹಾಲಿನದ್ದೊಂದು ಮಾಡಿ ಕೊಡಿ. ಅಣ್ಣನಿಗೆ ಕಳಿಸುವ.”

ಆಗ ನನ್ನಲ್ಲಿ ಕಂಪ್ಯೂಟರ್ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಕ್ಷೆಯನ್ನು ಎತ್ತಿ ನಿಲ್ಲಿಸಿ, ಗೋಡೆಗೆ ಬಣ್ಣ ಬಳಿದು, ನೆಲಕ್ಕೆ ಹೊಳಪು ಕೊಟ್ಟು, ಮೇಲೊಂದು ಸೂರ್ಯನನ್ನು ಇಡಲು ಕಲಿತಿದ್ದೆ. ಊರು, ತಿಂಗಳು, ತಾರೀಕು, ಗಂಟೆ ಕೊಟ್ಟರೆ ಯಂತ್ರ ತಾನೇ ಲೆಕ್ಕ ಹಾಕಿ ಸೂರ್ಯನನ್ನು ಆಕಾಶದಲ್ಲಿ ಸರಿಯಾದ ಕಡೆ ಕೂರಿಸುತ್ತಿತ್ತು. ಪರಮಾತ್ಮನ ಇಲಾಖೆಯ ಒಂದು ಕೆಲಸ ಬಟ್ಟೆಯಂಗಡಿಯ ಮಾಳಿಗೆಗೆ ವರ್ಗವಾಗಿ ಬಂದಂತೆ ನನಗೆ ಅನಿಸುತ್ತಿತ್ತು. ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂರುತ್ತಿದ್ದೆ.

“ಎಷ್ಟು ಗಂಟೆಯ ಬಿಸಿಲು ಬೇಕು?” ಎಂದೆ, ಹೋಟೆಲಿನವನು ಸ್ಟ್ರಾಂಗಾ ಲೈಟಾ ಎಂದು ಕೇಳುವಂತೆ.

ಭಾವ ಸ್ವಲ್ಪ ಯೋಚಿಸಿದರು. “ಅಸರ್ ನಮಾಜ್ ಕಳೆದ ಹೊತ್ತು. ನಾಲ್ಕು ಗಂಟೆ ಇಡಿ. ನೆಂಟರು ಚಾಕ್ಕೆ ಬರುವ ಹೊತ್ತು ಅದೇ.”

ಹಾಲಿನ ಪಡುವಣ ಗೋಡೆಗೆ ದೊಡ್ಡ ಕಿಟಕಿ ಇತ್ತು. ಅದರಿಂದ ಬಿಸಿಲು ಬಂದು ನೆಲದ ಮೇಲೆ ಬೀಳಬೇಕು. ಜೊತೆಗೆ, ಯಜಮಾನರು ಯಾರದೋ ಕೈಯಲ್ಲಿ ಮೊದಲೇ ಕಳಿಸಿದ್ದ ಒಂದು ಕಾರ್ಪೆಟ್ ಭಾವನ ಅಟ್ಟದಲ್ಲಿ ಪ್ಲಾಸ್ಟಿಕ್ಕಿನೊಳಗೆ ಮಲಗಿತ್ತು. ಅದೂ ಚಿತ್ರದಲ್ಲಿ ಇರಲಿ ಎಂದರು. ಅದನ್ನು ಅಂಗಡಿಯ ಹಿಂದಿನ ಅಂಗಳದಲ್ಲಿ ಬಿಡಿಸಿ, ತಾರಸಿಯಿಂದ ಫೋಟೋ ಹೊಡೆಸಿ ತಂದರು. ಕೆಂಪು ಕಾರ್ಪೆಟ್, ಅಂಚಿಗೆ ನೀಲಿ ಬಳ್ಳಿ, ನಡುವೆ ಒಂದು ದೊಡ್ಡ ಹೂವು. ನಾನದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನ ನೆಲದ ಮೇಲೆ ಹಾಸಿದೆ.

ಮೊದಲ ಚಿತ್ರ ನೋಡಿ ಭಾವ ಹೇಳಿದರು: “ಇದೆಂತ ಮಾರಾಯ್ರೇ, ಕಿಟಕಿಯ ಹತ್ರ ಯಾರೋ ಮಜ್ಜಿಗೆ ಚೆಲ್ಲಿದ ಹಾಗೆ ಉಂಟು.”

ನಿಜ. ನೆರಳಿನ ಅಂಚು ಎಲ್ಲ ಕಡೆ ಒಂದೇ ಸಮ ಕಲಸಿಹೋಗಿತ್ತು. ಇನ್ನೊಂದು ಬಗೆಯ ನೆರಳು ಹಾಕಿದೆ. ಈಗ ಅಂಚು ಎಲ್ಲೆಲ್ಲೂ ಹರಿತವಾಯಿತು.

“ಇದು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಆಯ್ತು. ನಮ್ಮ ಊರಿನ ಬಿಸಿಲು ಹೀಗೆ ಉಂಟಾ?”

ನನಗೆ ಅವಮಾನವಾಯಿತು. ಹಾಗಾದರೆ ನಮ್ಮ ಊರಿನ ಬಿಸಿಲು ಹೇಗೆ ಉಂಟು ಎಂದು ನೋಡಲು ಮನೆಯಲ್ಲಿ ಸಂಜೆ ಕಿಟಕಿಯ ಪಕ್ಕ ನೆಲದ ಮೇಲೆ ಮೊಣಕಾಲೂರಿ ಕೂತೆ. ಹೆಂಡತಿ ಬಂದು, “ಎಂತ, ನೆಲ ಒರೆಸಿದ್ದು ಸರಿ ಆಗ್ಲಿಲ್ವಾ? ತೋರು ಬೆರಳಿಂದ ಮುಟ್ಟಿ ನೋಡ್ತೀರಲ್ಲ” ಎಂದಳು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಮನೆಗಳಿಗೆ ಕಿಟಕಿ ಇಟ್ಟವನು ನಾನು; ಆದರೆ ಕಿಟಕಿಯಿಂದ ಬಂದದ್ದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ನೆಲಕ್ಕೆ ಹತ್ತಿರವಿರುವ ವಸ್ತುವಿನ ನೆರಳಿಗೆ ಅಂಚು ಖಚಿತ. ಕಿಟಕಿಯ ಕೆಳದಂಡೆಯ ಗೆರೆ ತಕ್ಕಮಟ್ಟಿಗೆ ಚೊಕ್ಕ. ಬಿಸಿಲು ದೂರದಿಂದ ಬಂದಷ್ಟೂ, ಕಿಟಕಿಯ ಮೇಲೆ ಚಾಚಿದ ಸಜ್ಜದ ನೆರಳಿನ ಗೆರೆ ಬೆರಳಿನಷ್ಟು ಅಗಲಕ್ಕೆ ಮೆತ್ತಗಾಗುತ್ತದೆ. ಸೂರ್ಯ ಒಂದು ಚುಕ್ಕಿಯಲ್ಲ, ತಟ್ಟೆ. ತಟ್ಟೆಯ ಒಂದು ಕಡೆ ಮರೆಯಾದಾಗ ಇನ್ನೊಂದು ಕಡೆ ಇನ್ನೂ ಇಣುಕುತ್ತಿರುತ್ತದೆ. ಅಷ್ಟೇ ಗುಟ್ಟು.

ಅದರಂತೆ ನನ್ನ ಸೂರ್ಯನಿಗೂ ಅಗಲ ಕೊಟ್ಟೆ. ಕಾರ್ಪೆಟ್ಟಿಗೆ ದಪ್ಪ ಕೊಟ್ಟೆ. ಇದು ನಾನು ಹೆಮ್ಮೆಪಟ್ಟ ಸಂಗತಿ: ಓರೆಯಾಗಿ ಬಂದ ಬಿಸಿಲಿನ ಗೆರೆ ನೆಲದ ಮೇಲೆ ನೇರವಾಗಿ ಬಂದು, ಕಾರ್ಪೆಟ್ಟಿನ ಅಂಚು ಸಿಕ್ಕಿದಲ್ಲಿ ಸಣ್ಣದಾಗಿ ಮುರಿದು, ಒಂದು ಮೆಟ್ಟಲು ಹತ್ತಿದ ಹಾಗೆ ಮೇಲೇರಿ ಮುಂದೆ ಹೋಗುತ್ತದೆ. ನೆಲದಲ್ಲಿ ಚೊಕ್ಕವಾಗಿದ್ದ ಅದೇ ಗೆರೆ ಉಣ್ಣೆಯ ಮೇಲೆ ಸ್ವಲ್ಪ ತರಿತರಿಯಾಗುತ್ತದೆ. ಬಿಸಿಲು ಬಿದ್ದ ಕಾರ್ಪೆಟ್ಟಿನ ಕೆಂಪು ಪಕ್ಕದ ಬಿಳಿ ಗೋಡೆಯ ಬುಡಕ್ಕೆ ಒಂದಿಷ್ಟು ಸೋರಿರುತ್ತದೆ. ಇದನ್ನೆಲ್ಲ ಲೆಕ್ಕ ಹಾಕಲು ಕಂಪ್ಯೂಟರ್ ಸಂಜೆ ಕೂತರೆ ಮರುದಿನ ಏಳುತ್ತಿತ್ತು. ನಡುವೆ ಕರೆಂಟು ಹೋದರೆ ಸೂರ್ಯನೂ ಹೋದ. ಹೀಗೆ ಸೂರ್ಯ ಹಲವು ಸಲ ಹೋಗಿ ಬಂದ ಮೇಲೆ ಚಿತ್ರ ಸಿದ್ಧವಾಯಿತು.

ಭಾವ ಪ್ರಿಂಟನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಒಂದೇ ಮಾತು ಹೇಳಿದರು: “ಇಲ್ಲಿ ಚಾಪೆ ಹಾಕಿ ಮಲಗುವ ಅನಿಸ್ತದೆ.”

ನನ್ನ ಜೀವಮಾನದಲ್ಲಿ ಸಿಕ್ಕಿದ ಪ್ರಶಸ್ತಿಗಳಲ್ಲಿ ಅದೊಂದೇ ನೆನಪಿರುವಂಥದ್ದು. ಬೇರೆ ಯಾವುದೂ ಸಿಕ್ಕಿಲ್ಲ ಎಂಬುದೂ ಒಂದು ಕಾರಣ.

ಈಗ ಡಿಸೆಂಬರಿಗೆ ಬರುವ. ನಾನು ಬಸ್ಸಿಳಿದು ನಡೆದುಹೋದಾಗ ಯಜಮಾನರು ಅಂಗಳದಲ್ಲಿ ಜಲ್ಲಿಯ ರಾಶಿಯ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಳೆಯುವ ಶೂ. ಅವರ ಎದುರು ಬರೀ ಕೆಂಪುಕಲ್ಲಿನ ಗೋಡೆಗಳು, ಮೇಲೆ ಆಗಷ್ಟೇ ಆಸರೆಯ ಕಂಬ ತೆಗೆದ ಸ್ಲ್ಯಾಬು, ಸರಳು ಕೂರಿಸಿದ ಕಿಟಕಿಯ ದಾರಂದಗಳು. ಒಳಗೆ ನೆಲವೆಂದರೆ ತುಂಬಿಸಿ ಗುದ್ದಿದ ಮಣ್ಣು. ಮೂಲೆಯಲ್ಲಿ ಸಿಮೆಂಟ್ ಚೀಲಗಳ ಮೇಲೆ ಒಂದು ಬೆಕ್ಕು ಮರಿ ಹಾಕಿತ್ತು. ಮನೆಯಲ್ಲಿ ವಾಸಕ್ಕೆ ಬಂದ ಮೊದಲ ಸಂಸಾರ ಅದು.

ಅವರ ಕೈಯಲ್ಲಿ ನನ್ನ ಚಿತ್ರ ಇತ್ತು.

“ಇದು ಫೋಟೋ ಅಲ್ವಾ?” ಎಂದರು.

“ಅಲ್ಲ ಸಾಹೇಬ್ರೇ. ಕಂಪ್ಯೂಟರಿನಲ್ಲಿ ಮಾಡಿದ್ದು.”

“ನನ್ನ ಕಾರ್ಪೆಟ್ ಉಂಟಲ್ಲ ಇದರಲ್ಲಿ! ನಾನೇ ಕೊಟ್ಟು ಕಳಿಸಿದ ಕಾರ್ಪೆಟ್!”

“ಅದರ ಫೋಟೋ ಮಾತ್ರ ನಿಜ.”

“ಮತ್ತೆ ಈ ಬಿಸಿಲು?”

ನಾನು ಜೇಬಿನ ಟೇಪನ್ನು ಸ್ವಲ್ಪ ಎಳೆದು ಮತ್ತೆ ಒಳಗೆ ಬಿಟ್ಟೆ.

“ಗೋಡೆ ಬಿಡಿಸ್ತಾರೆ, ಕುರ್ಚಿ ಬಿಡಿಸ್ತಾರೆ, ಅದು ನನಗೆ ಗೊತ್ತುಂಟು. ಬಿಸಿಲನ್ನು ಯಾರಾದ್ರೂ ಬಿಡಿಸ್ತಾರಾ? ಕಾರ್ಪೆಟ್ಟಿನ ಹತ್ರ ಬಂದು ಬಿಸಿಲು ಹತ್ತಿದೆ ನೋಡಿ, ಇಲ್ಲಿ. ಇದನ್ನು ನೋಡಿದ ಮೇಲೆ ಇನ್ನೆಂತ ಕೇಳ್ಲಿಕ್ಕುಂಟು? ಮನೆ ಮುಗಿದಿದೆ ಅಂತಲೇ ಎಲ್ಲರಿಗೂ ಹೇಳಿಬಿಟ್ಟೆ.”

ನಾನು ಪಟ್ಟ ಹೆಮ್ಮೆಯೆಲ್ಲ ಆ ಒಂದು ಮೆಟ್ಟಲಿನಿಂದ ಜಾರಿ ಬಿತ್ತು.

ಭಾವ ಸ್ವಲ್ಪ ದೂರದಲ್ಲಿ, ಬಾವಿಕಟ್ಟೆಯ ಹತ್ತಿರ, ನೀರಿನ ಆಳ ಪರೀಕ್ಷಿಸುವವರಂತೆ ಒಳಗೆ ಬಗ್ಗಿ ನೋಡುತ್ತಿದ್ದರು.

“ಭಾವ, ನೀವಾದ್ರೂ ಇದು ಫೋಟೋ ಅಲ್ಲ ಅಂತ ಹೇಳ್ಬೇಕಿತ್ತು!”

“ಅಣ್ಣ, ಫೋಟೋ ಅಂತಲೂ ನಾನು ಹೇಳ್ಲಿಲ್ಲ,” ಎಂದರು ಭಾವ ಬಾವಿಯೊಳಗಿನಿಂದ. “ಹಾಲ್ ಚಂದ ಉಂಟು ಅಂದ್ರಿ. ಹೌದು ಅಂದೆ. ಚಂದ ಉಂಟಲ್ಲ.”

ನಿಜವಾದ ಪೆಟ್ಟು ಇನ್ನೂ ಬಾಕಿ ಇತ್ತು. ಯಜಮಾನರ ಮಗಳಿಗೆ ವಿಟ್ಲದ ಕಡೆಯ ಒಂದು ಸಂಬಂಧ ಮಾತಾಗಿತ್ತು. ಹುಡುಗನೂ ಗಲ್ಫಿನಲ್ಲೇ. ಯಜಮಾನರು ಸಂತೋಷದಿಂದ ಚಿತ್ರದ ಒಂದು ಪ್ರತಿಯನ್ನು ಅವನಿಗೆ ಕೊಟ್ಟಿದ್ದರು, ಅವನು ಅದನ್ನು ಊರಲ್ಲಿದ್ದ ತಾಯಿಗೆ ಕಳಿಸಿದ್ದ. ಆ ತಾಯಿ ಮನೆಯ ಹೆಂಗಸರ ಜೊತೆ ಮುಂದಿನ ವಾರ, ಶುಕ್ರವಾರ ಅಸರ್ ಕಳೆದು, ಮನೆಗೆ ಬಂದು ಹುಡುಗಿಯನ್ನು ನೋಡಿ ಮಾತು ಗಟ್ಟಿ ಮಾಡುವುದೆಂದು ತೀರ್ಮಾನವಾಗಿತ್ತು.

“ಆ ತಾಯಿ ಫೋನಿನಲ್ಲಿ ಎಂತ ಹೇಳಿದ್ದು ಗೊತ್ತುಂಟಾ? ‘ನನಗೆ ಮೊಣಕಾಲು ನೋವು. ಆ ಬಿಸಿಲು ಬಿದ್ದ ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ ಕೂತು ಚಾ ಕುಡೀತೇನೆ’ ಅಂತ. ಈಗ ಆ ಮನೆ ಇಲ್ಲ, ಅದು ಬರೀ ಚಿತ್ರ ಅಂತ ಹೇಳ್ಲಾ? ಮನೆಯೇ ಸುಳ್ಳಾದ್ರೆ ಮಗಳ ಬಗ್ಗೆ ಹೇಳಿದ್ದೂ ಸುಳ್ಳು ಅಂತಾರೆ.”

ಆ ಮಗಳು ಅಲ್ಲೇ ಇದ್ದಳು. ತಾಯಿಯ ಜೊತೆ ಗೋಡೆಯ ನೆರಳಿನಲ್ಲಿ ನಿಂತು, ಸೆರಗಿನಲ್ಲಿ ಮೂಗು ಮುಚ್ಚಿಕೊಂಡಿದ್ದ ತಾಯಿಗೆ ನೀರು ಕೊಡುತ್ತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಒಂದು ವಾರದಲ್ಲಿ ಮನೆ ಮುಗಿಸಲು ಜಿನ್ನುಗಳಿಂದಲೂ ಆಗದು ಎಂದು ಮೇಸ್ತ್ರಿ ಕೈಯೆತ್ತಿದ. ಕೊನೆಗೆ ಒಂದು ಅಲ್ಪ ಗುರಿ ನಿಗದಿಯಾಯಿತು: ಗೋಡೆ ಹಾಗೇ ಇರಲಿ, ಗಾರೆ ಬಾಕಿ ಎಂದು ಇರುವುದನ್ನೇ ಹೇಳುವುದು. ಹಾಲಿಗೆ ಮಾತ್ರ ಸಿಮೆಂಟಿನ ನೆಲ ಮಾಡಿ, ಕಾರ್ಪೆಟ್ ಹಾಸಿ, ನಾಲ್ಕು ಗಂಟೆಯ ಬಿಸಿಲನ್ನಾದರೂ ಚಿತ್ರದಲ್ಲಿದ್ದಂತೆಯೇ ತೋರಿಸುವುದು. ಕೊಟ್ಟ ಮಾತಿನಲ್ಲಿ ಅಷ್ಟಾದರೂ ನಿಂತರೆ ಉಳಿದದ್ದನ್ನು ನಂಬಿಯಾರು.

“ಬಿಸಿಲಿನ ಜವಾಬ್ದಾರಿ ಇಂಜಿನಿಯರದ್ದು,” ಎಂದರು ಭಾವ, ಬಾವಿಯಿಂದ ತಲೆಯೆತ್ತಿ.

ನೆಲ ಒಣಗಿದ ಮೇಲೆ, ಆ ಶುಕ್ರವಾರದ ಹಿಂದಿನ ದಿನ, ಚಿತ್ರದಲ್ಲಿದ್ದ ಜಾಗದಲ್ಲೇ ಕಾರ್ಪೆಟ್ ಹಾಸಿ ನಾವೆಲ್ಲ ಸುತ್ತ ನಿಂತೆವು. ನಾಲ್ಕಾಯಿತು. ಬಿಸಿಲು ಬಂತು. ಸರಳಿನ ಗೆರೆಗಳ ಸಮೇತ, ನಾನು ಕಂಪ್ಯೂಟರಿನಲ್ಲಿ ಕನಸಿದಂಥದೇ ಅಂಚು. ಕಾರ್ಪೆಟ್ಟಿನ ಮೇಲೆ ಮಾತ್ರ ಬೀಳಲಿಲ್ಲ.

ಕಿಟಕಿಗೆ ಮುಖ ಮಾಡಿ ನಿಂತರೆ ಕಾರ್ಪೆಟ್ ಎಡಗಡೆ. ಬಿಸಿಲು ಬಲಗಡೆ, ಬರಿ ಸಿಮೆಂಟಿನ ಮೇಲೆ, ಚಿತ್ರದಲ್ಲಿದ್ದುದಕ್ಕಿಂತ ಉದ್ದವಾಗಿ, ಯಾರ ಹಂಗೂ ಇಲ್ಲದೆ ಮಲಗಿತ್ತು.

“ಸೂರ್ಯ ತಪ್ಪು ಕಡೆ ಉಂಟು,” ಎಂದ ಮೇಸ್ತ್ರಿ.

ಉತ್ತರ ದಿಕ್ಕನ್ನೇ ತಿರುಗಿಸಿ ಇಟ್ಟಿದ್ದೆನೋ? ಹಾಗಾದರೆ ಇಡೀ ನಕ್ಷೆಯೇ ತಲೆಕೆಳಗು. ನಕ್ಷೆ ಬಿಚ್ಚಿ ನೋಡಿದೆ. ದಿಕ್ಕು ಸರಿ ಇತ್ತು. ಕಿಟಕಿ ಸರಿ ಇತ್ತು. ಗಡಿಯಾರವೂ ಸರಿ ಇತ್ತು. ಆಮೇಲೆ ಹೊಳೆಯಿತು. ಭಾವ ಗಂಟೆ ಹೇಳಿದ್ದರು, ತಿಂಗಳು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಚಿತ್ರ ಮಾಡಿದ್ದು ಮೇ ತಿಂಗಳಲ್ಲಿ. ಯಂತ್ರ ಆ ದಿನದ ತಾರೀಕನ್ನೇ ಹಿಡಿದು ಮೇ ತಿಂಗಳ ಸೂರ್ಯನನ್ನು ಇಟ್ಟಿತ್ತು. ನಮ್ಮ ಊರಿನಲ್ಲಿ ಮೇ ತಿಂಗಳ ಸಂಜೆಯ ಸೂರ್ಯ ಪಡುವಣದಿಂದ ಸ್ವಲ್ಪ ಬಡಗಣಕ್ಕೆ ನಿಂತು ತೆಂಕಣಕ್ಕೆ ಬಿಸಿಲು ಚೆಲ್ಲುತ್ತಾನೆ. ಡಿಸೆಂಬರಿನಲ್ಲಿ ಅವನೇ ತೆಂಕಣಕ್ಕೆ ಜಾರಿ, ತಗ್ಗಿ, ಬಡಗಣದ ಕಡೆಗೆ ಬಿಸಿಲನ್ನು ಉದ್ದಕ್ಕೆ ಎಳೆಯುತ್ತಾನೆ. ನಾಲ್ಕು ಗಂಟೆ ಎಂಬುದು ವರ್ಷವಿಡೀ ಒಂದೇ ನಾಲ್ಕು ಗಂಟೆಯಲ್ಲ.

ಇದನ್ನು ವಿವರಿಸಿದೆ. ಎಲ್ಲರೂ ಗಂಭೀರವಾಗಿ ಕೇಳಿದರು.

“ಹಾಗಾದ್ರೆ ಈಗ ಸೂರ್ಯನನ್ನು ಆಚೆ ಮಾಡ್ಲಿಕ್ಕೆ ಆಗುದಿಲ್ಲ,” ಎಂದರು ಭಾವ.

“ಕಂಪ್ಯೂಟರಿನಲ್ಲಿ ಆಗ್ತದೆ.”

“ಕಾರ್ಪೆಟ್ಟನ್ನು ಆಚೆ ಮಾಡ್ಲಿಕ್ಕೆ ಆಗ್ತದಾ?”

ಆಗುತ್ತಿತ್ತು. ಇಬ್ಬರು ಹಿಡಿದು ಎಳೆದು ಬಿಸಿಲಿನ ಕೆಳಗೆ ತಂದೆವು. ಬಿಸಿಲು ಕಾರ್ಪೆಟ್ಟಿನ ಅಂಚಿಗೆ ಬಂದು, ಸಣ್ಣದಾಗಿ ಮುರಿದು, ಮೆಟ್ಟಲು ಹತ್ತಿತು. ಯಜಮಾನರು ಕುಕ್ಕುರುಗಾಲಿನಲ್ಲಿ ಕೂತು ಆ ಮೆಟ್ಟಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಾನೂ ಮುಟ್ಟಿದ್ದೆನಲ್ಲ ಎಂದು ನೆನಪಾಯಿತು.

ಶುಕ್ರವಾರ ಜೀಪು ಬಂತು. ಹುಡುಗನ ತಾಯಿ ಇಳಿದು, ಕೆಂಪುಕಲ್ಲಿನ ಗೋಡೆಗಳನ್ನು ನೋಡಿ, ಇಳಿದಲ್ಲೇ ನಿಂತರು. ಅವರ ಜೊತೆ ಬಂದ ಹೆಂಗಸರೂ ನಿಂತರು. ಯಾರಿಗೂ ಸಲಾಂ ಹೇಳುವ ನೆನಪಾಗಲಿಲ್ಲ. ಯಜಮಾನರ ಹೆಂಡತಿ ಮುಂದೆ ಹೋಗಿ ಕೈ ಹಿಡಿದು ಒಳಗೆ ಕರೆತಂದರು. ಗಂಡಸರಾದ ನಾವು ಪಕ್ಕದ ಕೋಣೆಯಲ್ಲಿ, ಬಾಗಿಲೇ ಇಲ್ಲದ ದಾರಂದದ ಆಚೆ, ಪರೀಕ್ಷೆ ಬರೆಯುವ ಮಕ್ಕಳಂತೆ ಸಾಲಾಗಿ ನಿಂತೆವು.

ಆಕೆ ಕಾರ್ಪೆಟ್ ನೋಡಿದರು. ಬಿಸಿಲು ನೋಡಿದರು. ಚೀಲದಿಂದ ಚಿತ್ರ ತೆಗೆದರು. ನಮಗೆ ಯಾರಿಗೂ ಆ ಸಾಧ್ಯತೆ ಹೊಳೆದೇ ಇರಲಿಲ್ಲ. ಒಮ್ಮೆ ಚಿತ್ರ, ಒಮ್ಮೆ ನೆಲ. ಮತ್ತೆ ಚಿತ್ರ, ಮತ್ತೆ ನೆಲ.

“ಇದರಲ್ಲಿ ಬಿಸಿಲು ಆ ಕಡೆ ಉಂಟು. ಇಲ್ಲಿ ಈ ಕಡೆ ಉಂಟು. ಇದು ಬೇರೆ ಮನೆಯ ಫೋಟೋ ಅಲ್ವಾ?”

ನಾವೆಲ್ಲ ಭಾವನ ಕಡೆ ನೋಡಿದೆವು. ಸಿಮೆಂಟ್ ಚೀಲದ ಮೇಲಿನ ಬೆಕ್ಕು ಕೂಡ.

ಮಾತಾಡಿದ್ದು ಹುಡುಗಿ. ತಟ್ಟೆಯಲ್ಲಿ ಚಾ ಹಿಡಿದು ಬಂದವಳು ನಿಂತಲ್ಲಿಂದಲೇ ಹುಡುಗನ ತಾಯಿಗೆ ಹೇಳಿದಳು: “ಅದು ಫೋಟೋ ಅಲ್ಲ ಉಮ್ಮ. ಮನೆ ಹೀಗೆ ಆಗ್ತದೆ ಅಂತ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಬಪ್ಪನೇ ಫೋಟೋ ಅಂತ ಗ್ರಹಿಸಿದ್ದು. ನಾವು ಬಂದು ನೋಡುವಾಗ ಇಲ್ಲಿ ನೆಲವೂ ಇರ್ಲಿಲ್ಲ. ಮೊನ್ನೆ ಹಾಕಿದ್ದು.”

ದಾರಂದದ ಈಚೆ ಬಪ್ಪ, ಅಂದರೆ ಯಜಮಾನರು, ಗೋಡೆಗೆ ಕೈ ಊರಿದರು. ಭಾವ ಕಣ್ಣು ಮುಚ್ಚಿಕೊಂಡರು. ಅಲ್ಲಿ ಬಾವಿ ಇರಲಿಲ್ಲ.

“ಚಿತ್ರ ಮಾಡಿದ್ದು ಯಾರು?”

ಎಲ್ಲರೂ ನನ್ನನ್ನು ನೋಡಿದರು. ನಾನು ದಾರಂದದ ಹತ್ತಿರ ಬಂದು, ಡಿಸೆಂಬರಿಗೂ ಮೇಗೂ ಇರುವ ವ್ಯತ್ಯಾಸವನ್ನು, ಸೂರ್ಯನ ತೆಂಕು ಬಡಗನ್ನು, ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನಂತೆ ನಿವೇದಿಸಿಕೊಂಡೆ. ಒಂದು ಸಂಬಂಧದ ಭಾರವನ್ನು ಖಗೋಳಶಾಸ್ತ್ರದ ಮೇಲೆ ಹೊರಿಸಿ ನನಗೆ ಅಭ್ಯಾಸವಿರಲಿಲ್ಲ.

ಆಕೆ ಪೂರ್ತಿ ಕೇಳಿದರು. “ಹಾಗಾದ್ರೆ ಮೇ ತಿಂಗಳಲ್ಲಿ ಇದೇ ಕಿಟಕಿಯಿಂದ, ಇದೇ ಹೊತ್ತಿಗೆ, ಬಿಸಿಲು ಚಿತ್ರದಲ್ಲಿ ಇದ್ದ ಹಾಗೆ ಆ ಕಡೆ ಬೀಳ್ತದಾ?”

“ಬೀಳ್ತದೆ.”

“ಖಂಡಿತ?”

“ಮೋಡ ಇಲ್ಲದಿದ್ರೆ.”

ಆಕೆ ಹುಡುಗಿಯ ಕಡೆ ತಿರುಗಿದರು. ಆಮೇಲೆ ಬಿಸಿಲಿನ ನಡುವೆ, ಕಾರ್ಪೆಟ್ಟಿನ ಆ ದೊಡ್ಡ ಹೂವಿನ ಮೇಲೆ ಕೂತು, ಕಾಲು ಚಾಚಿ, ಚಾ ತೆಗೆದುಕೊಂಡರು.

“ಕೇಳಿದ ಕೂಡಲೇ ನಿಜ ಹೇಳಿದವಳು ಇವಳೊಬ್ಬಳೇ. ನನಗೆ ಹುಡುಗಿ ಸಾಕು. ಆದ್ರೆ ನಿಕಾಹ್ ಮೇ ತಿಂಗಳಲ್ಲಿ ಇಡುವ. ಆಗ ಮನೆಯೂ ಚಿತ್ರದ ಹಾಗೆ ಇರ್ಬೇಕು, ಬಿಸಿಲೂ ಚಿತ್ರದ ಹಾಗೆ ಇರ್ಬೇಕು. ನಾನು ಬಂದು ನೋಡ್ತೇನೆ.”

ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ಭಾವ ತೋರಿಸಿದ ವೇಗ ಊರಿಗೇ ಆಘಾತ ತಂದಿತು. ಅವರು ಅಂಗಡಿ ಮಗನಿಗೆ ಬಿಟ್ಟು ಮನೆಯಲ್ಲೇ ಠಿಕಾಣಿ ಹೂಡಿದರು. ಕೇಳಿದರೆ “ಮುಗೀತಾ ಉಂಟು” ಎನ್ನತೊಡಗಿದರು, ಮತ್ತು ಅದು ನಿಜವಾಗಿಯೂ ಮುಗಿಯುತ್ತಿತ್ತು. ನಾನು ಮಾತ್ರ ಪ್ರತಿ ವಾರ ಹೋಗಿ ಬಿಸಿಲು ನೋಡಿ ಬರುತ್ತಿದ್ದೆ. ಬಿಸಿಲು ಬಲಗಡೆಯಿಂದ ನಿಧಾನವಾಗಿ, ಸರಕಾರಿ ಕಡತದಂತೆ, ಎಡಕ್ಕೆ ಸರಿಯುತ್ತಿತ್ತು. ಎಪ್ರಿಲಿನಲ್ಲಿ ಕಿಟಕಿಯ ನೇರಕ್ಕೆ ಬಂದು ನಿಂತಾಗ ನಾನು ಮೇಸ್ತ್ರಿಗೆ ಬೀಡಿ ಕೊಡಿಸಿದೆ.

ನಿಕಾಹಿನ ಹಿಂದಿನ ದಿನ ಆಕೆ ಬಂದರು. ಬಿಳಿ ಗೋಡೆ, ಹೊಳೆಯುವ ನೆಲ, ಚಿತ್ರದ ಜಾಗದಲ್ಲೇ ಕಾರ್ಪೆಟ್. ಮಧ್ಯಾಹ್ನದಿಂದಲೇ ಪಡುವಣದಲ್ಲಿ ಮೋಡ ಕಟ್ಟಿತ್ತು. ದೂರದಲ್ಲಿ ಗುಡುಗು. ಯಜಮಾನರು ಗೇಟಿನಲ್ಲಿ ನಿಂತು ಆಕಾಶ ನೋಡುತ್ತಿದ್ದರು, ಭಾವ ಬಾವಿಕಟ್ಟೆಯಲ್ಲಿ ನಿಂತು ಬಾವಿ ನೋಡುತ್ತಿದ್ದರು. ನಾಲ್ಕಕ್ಕೆ ಸ್ವಲ್ಪ ಮೊದಲು ಮೋಡ ಹರಿಯಿತು. ಬಿಸಿಲು ಕಿಟಕಿಯಿಂದ ಇಳಿದು, ಎಡಕ್ಕೆ ವಾಲಿ, ಚೊಕ್ಕ ಅಂಚಿನೊಡನೆ ನೆಲದ ಮೇಲೆ ಬಂದು, ಕಾರ್ಪೆಟ್ಟಿನ ಮೆಟ್ಟಲು ಹತ್ತಿ, ನೀಲಿ ಬಳ್ಳಿ ದಾಟಿ, ಹೂವಿನ ಅರ್ಧಕ್ಕೆ ನಿಂತಿತು. ಗೋಡೆಯ ಬುಡಕ್ಕೆ ಕೆಂಪು ಸೋರಿತು. ನಾನು ಮಾಡಿದ ಚಿತ್ರದೊಳಗೆ ನಾನೇ ನಿಂತಿದ್ದೆ. ಪಕ್ಕದಲ್ಲಿ, ಗೇಟಿನಿಂದ ಓಡಿ ಬಂದಿದ್ದ ಯಜಮಾನರು ಬಾಯಿ ತೆರೆದವರು ಮುಚ್ಚಿರಲಿಲ್ಲ.

ಹುಡುಗನ ತಾಯಿ ಚಿತ್ರ ತೆಗೆಯಲೇ ಇಲ್ಲ. ಸೀದಾ ಹೋಗಿ ಹೂವಿನ ಮೇಲೆ ಕೂತರು; ಬಿಸಿಲೆಲ್ಲ ಅವರ ಸೀರೆಯ ಮೇಲಾಯಿತು. ಒಂದು ನಿಮಿಷ ಕೂತು, ಸೆರಗಿನಿಂದ ಗಾಳಿ ಬೀಸಿಕೊಂಡು, ಕಿಟಕಿಯ ಕಡೆಗೆ ಕಣ್ಣು ಕಿರಿದು ಮಾಡಿ ಹೇಳಿದರು:

“ಅಯ್ಯೋ, ಎಂತ ಸೆಕೆ ಮಾರಾಯ್ರೇ! ಈ ಕಿಟಕಿಗೆ ಒಂದು ಪರದೆ ಹಾಕ್ಲಿಕ್ಕೆ ಆಗ್ಲಿಲ್ವಾ ನಿಮಗೆ?”

ಭಾವ ಓಡಿಹೋಗಿ ಒಂದು ಬೆಡ್‌ಶೀಟ್ ತಂದರು.